ರಾಜ್ಯೋತ್ಸವದ ವೆಬಿನಾರಿಗೆ ಯಾವ ಗಂಟೆ?

2026ರ ನವೆಂಬರ್ 1 ಭಾನುವಾರ. ಹೊರನಾಡ ಕನ್ನಡಿಗರನ್ನೂ ಸೇರಿಸಿಕೊಂಡು ಅಂದೇ ವೆಬಿನಾರ್ ನಡೆಸಬೇಕೆಂದು ಬೆಂಗಳೂರಿನ ಸಂಘವೊಂದು ಹೊರಟಿದೆ ಎಂದುಕೊಳ್ಳೋಣ. ಅದೇ ದಿನ ನಸುಕಿನ 2 ಗಂಟೆಗೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಈ ಬದಲಾವಣೆ ಅಕ್ಟೋಬರ್ 25ಕ್ಕೇ ಆಗಿರುತ್ತದೆ. ನಮ್ಮ ಗಡಿಯಾರ ಮಾತ್ರ ವರ್ಷವಿಡೀ ಒಂದೇ.

ಭಾರತದಲ್ಲಿ ರಾತ್ರಿ 8:30 ಎಂದು ನಿಗದಿ ಮಾಡಿದರೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಿಗ್ಗೆ 7, ಲಂಡನ್ನಿನಲ್ಲಿ ಮಧ್ಯಾಹ್ನ 3, ದುಬೈಯಲ್ಲಿ ಸಂಜೆ 7. ಆದರೆ ಆಹ್ವಾನ ಬರೆಯುವುದು ಅಕ್ಟೋಬರ್ ಮೊದಲ ವಾರದಲ್ಲಿ. ಅಂದಿನ ವ್ಯತ್ಯಾಸ ನೋಡಿ ಲೆಕ್ಕ ಹಾಕಿದವರು ನ್ಯೂಯಾರ್ಕಿಗೆ 11 ಎಂದು ಬರೆದುಬಿಡುತ್ತಾರೆ. ಅದನ್ನು ನಂಬಿದವರು ಬರುವ ಹೊತ್ತಿಗೆ ಒಂದು ಗಂಟೆಯ ಕಾರ್ಯಕ್ರಮ ಮುಗಿದೇ ಹೋಗಿರುತ್ತದೆ. ಹಾಗಾಗಿ ಲೆಕ್ಕ ಹಾಕಬೇಕಾದದ್ದು ಕಾರ್ಯಕ್ರಮದ ದಿನಾಂಕ ಹಿಡಿದು.

ಬೆಳಿಗ್ಗೆ 8ಕ್ಕೆ ಇಟ್ಟರೆ? ಆಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಶನಿವಾರ ಸಂಜೆ 7:30. ಅದು ಹ್ಯಾಲೋವೀನ್ ಸಂಜೆ, ಮಕ್ಕಳಿರುವ ಮನೆಯವರು ಬೀದಿಯಲ್ಲಿರುತ್ತಾರೆ. ಲಂಡನ್ನಿನವರಿಗೆ ನಸುಕಿನ 2:30. ಸಿಡ್ನಿಗೆ ಮಾತ್ರ ಇದು ಮಧ್ಯಾಹ್ನ 1:30, ಅನುಕೂಲವೇ. ರಾತ್ರಿ 8:30 ಆದರೆ ಸಿಡ್ನಿಯಲ್ಲಿ ಸೋಮವಾರ ನಸುಕಿನ 2. ಎಲ್ಲರಿಗೂ ಒಪ್ಪುವ ಗಂಟೆಯೇ ಇಲ್ಲ. ನನ್ನ ಆಯ್ಕೆ ರಾತ್ರಿಯದು. ಆಸ್ಟ್ರೇಲಿಯಾದವರಿಗೆ ಧ್ವನಿಮುದ್ರಿಕೆ ಯಾವಾಗ ಸಿಗುತ್ತದೆ ಎಂಬುದನ್ನು ಆಹ್ವಾನದಲ್ಲೇ ಹೇಳಿಬಿಡುವುದು ಮರ್ಯಾದೆ.

ಇನ್ನು ಬರವಣಿಗೆ. 1/11 ಎಂದರೆ ಅಮೆರಿಕದಲ್ಲಿ ಜನವರಿ 11 ಎಂದು ಓದುತ್ತಾರೆ. ತಿಂಗಳನ್ನೂ ವಾರವನ್ನೂ ಅಕ್ಷರದಲ್ಲೇ ಬರೆಯಿರಿ. ಸಿಡ್ನಿಗೆ ‘ಭಾನುವಾರ ರಾತ್ರಿ 2’ ಎಂದು ಬರೆದರೆ ಯಾವ ರಾತ್ರಿ ಎಂಬ ಗೊಂದಲ ಉಳಿಯುತ್ತದೆ. ‘ಸೋಮವಾರ, ನವೆಂಬರ್ 2, ನಸುಕಿನ 2 ಗಂಟೆ’ ಎಂದರೆ ಸಂಶಯವಿಲ್ಲ. IST ಎಂಬ ಮೂರಕ್ಷರವನ್ನು ಐರ್ಲೆಂಡ್, ಇಸ್ರೇಲ್‌ಗಳೂ ಬಳಸುತ್ತವೆ. ಅದರ ಬದಲು ‘ಬೆಂಗಳೂರು ಸಮಯ’, ‘ನ್ಯೂಯಾರ್ಕ್ ಸಮಯ’ ಎಂದು ಊರಿನ ಹೆಸರನ್ನೇ ಹಾಕಿ. ಕನ್ನಡ ಪಠ್ಯ ಮೇಲೆ, ಇಂಗ್ಲಿಷ್ ಕೆಳಗೆ ಇರಲಿ, ಆದರೆ ಊರುಗಳ ಪಟ್ಟಿ ಎರಡರಲ್ಲೂ ಒಂದೇ ಕ್ರಮದಲ್ಲಿರಬೇಕು. ಕೊನೆಯ ಗಳಿಗೆಯಲ್ಲಿ ಸಮಯ ಬದಲಾದಾಗ ಒಂದು ಭಾಷೆಯಲ್ಲಿ ತಿದ್ದಿ ಇನ್ನೊಂದನ್ನು ಮರೆಯುವುದು ಸಾಮಾನ್ಯ. ಕ್ರಮ ಒಂದೇ ಆಗಿದ್ದರೆ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಜೊತೆಗೆ ಕ್ಯಾಲೆಂಡರ್ ಆಹ್ವಾನವನ್ನೂ ಕಳಿಸಿ. ಅದರಲ್ಲಿ ಸಮಯ ವಲಯವನ್ನು `Asia/Kolkata` ಎಂದು ಆರಿಸಿದರೆ, ಪಡೆದವರ ಫೋನು ಅವರ ಊರಿನ ಗಂಟೆಯನ್ನು ತಾನೇ ತೋರಿಸುತ್ತದೆ. ಕಳಿಸುವ ಮುನ್ನ ನಿಮ್ಮ ಫೋನಿನ ವಲಯವನ್ನು ನ್ಯೂಯಾರ್ಕಿಗೆ ಬದಲಿಸಿ ಆಹ್ವಾನ ತೆರೆಯಿರಿ. 10 ಎಂದು ಕಂಡರೆ ಸರಿ. 11 ಎಂದಿದ್ದರೆ ಸಮಯವನ್ನೋ ವಲಯವನ್ನೋ ತಪ್ಪಾಗಿ ತುಂಬಿದ್ದೀರಿ.