ಬೆರಕೆ ಮಾತಿನಿಂದ ಏಕಭಾಷಾ ಟಿಪ್ಪಣಿಗೆ: ಕ್ರಿಯಾಪದದಲ್ಲಿ ಕಳೆದುಹೋಗುವ ಅರ್ಥ

ಹಿರಿಯೂರು ತಾಲ್ಲೂಕಿನ ಬಬ್ಬೂರು ಫಾರಂನಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಇಂಥ ಕೇಂದ್ರಗಳ ಸಭೆಗಳಲ್ಲಿ ವಿಜ್ಞಾನಿ, ಅಧಿಕಾರಿ, ರೈತ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಮಾತು ಕನ್ನಡ-ಇಂಗ್ಲಿಷಿನ ಬೆರಕೆಯಲ್ಲಿ ಸಾಗುತ್ತದೆ; ನಡಾವಳಿ ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿ ಬೇಕಾಗುತ್ತದೆ. ಧ್ವನಿಮುದ್ರಿಕೆಯನ್ನು ಕೇಳಿ ಟಿಪ್ಪಣಿ ಸಿದ್ಧಪಡಿಸುವವರು ಸಾಮಾನ್ಯವಾಗಿ ಹೆದರುವುದು ಇಂಗ್ಲಿಷ್ ನಾಮಪದಗಳಿಗೆ. ನನ್ನ ವಾದವೆಂದರೆ, ಅರ್ಥ ಹೆಚ್ಚಾಗಿ ಕೆಡುವುದು ಆ ನಾಮಪದಗಳಲ್ಲಲ್ಲ, ಅವುಗಳ ಜೊತೆ ಬರುವ ಕನ್ನಡ ಕ್ರಿಯಾರೂಪಗಳಲ್ಲಿ.

ಎಸ್. ಎನ್. ಶ್ರೀಧರ್ 1978ರಲ್ಲೇ ಕನ್ನಡದ ಭಾಷಾಬೆರಕೆಯ ಪ್ರಯೋಜನಗಳನ್ನು ಚರ್ಚಿಸಿದ್ದರು. ಮೈಯರ್ಸ್-ಸ್ಕಾಟನ್ 1993ರಲ್ಲಿ ವಿವರಿಸಿದ ಆಧಾರಭಾಷಾ ಚೌಕಟ್ಟಿನ ಪರಿಭಾಷೆಯಲ್ಲಿ ಹೇಳುವುದಾದರೆ, ಇಂಥ ಸಭೆಯ ಬಹುಪಾಲು ವಾಕ್ಯಗಳಲ್ಲಿ ಚೌಕಟ್ಟು ಕನ್ನಡದ್ದು, ತುಂಬಿದ ಪದಗಳು ಇಂಗ್ಲಿಷಿನವು. ಆದ್ದರಿಂದ ವಿಷಯ ಏನೆಂಬುದನ್ನು ಇಂಗ್ಲಿಷ್ ಪದ ತಿಳಿಸಿದರೆ, ಆ ವಿಷಯದ ಬಗ್ಗೆ ಆಡುಗನ ನಿಲುವೇನೆಂಬುದನ್ನು ಕನ್ನಡದ ಪ್ರತ್ಯಯ ತಿಳಿಸುತ್ತದೆ. ಸಾರಾಂಶಕಾರರು ಮೊದಲನೆಯದನ್ನು ಶ್ರದ್ಧೆಯಿಂದ ಅನುವಾದಿಸಿ ಎರಡನೆಯದನ್ನು ಕೈಬಿಡುತ್ತಾರೆ.

ವಿವರಣೆಗಾಗಿ ನಾನೇ ರಚಿಸಿಕೊಂಡ ಒಂದು ತುಣುಕನ್ನು ನೋಡೋಣ. ಶೇಂಗಾ ಬೆಳೆಯ ಟಿಕ್ಕಾ ರೋಗದ ಬಗ್ಗೆ ಚರ್ಚೆ ನಡೆದಿದೆ.

ವಿಜ್ಞಾನಿ: ಹೋದ ಖಾರಿಫ್‌ನಲ್ಲಿ ಐದು ಫಾರ್ಮರ್ಸ್ ಹತ್ರ ಟ್ರಯಲ್ ಹಾಕಿದ್ವಲ್ಲ ಸರ್, ಕಂಟ್ರೋಲ್ ಚೆನ್ನಾಗೇ ಬಂತು. ಒಂದು ಪ್ಲಾಟ್ ಮಾತ್ರ ಫೇಲ್ ಆಯ್ತು.
ಅಧಿಕಾರಿ: ಹಂಗಾದ್ರೆ ಈ ಸಲ ಹತ್ತು ಎಕರೆಗೆ ಡೆಮೊ ಕೊಡಬಹುದಲ್ಲ?
ವಿಜ್ಞಾನಿ: ಕೊಡಬಹುದು ಸರ್. ಆದ್ರೆ ಸೀಡ್ಸ್ ಇನ್ನೂ ರಿಲೀಸ್ ಆಗಿಲ್ಲ, ನೆಕ್ಸ್ಟ್ ವೀಕ್ ಆಗುತ್ತಂತೆ.
ಅಧ್ಯಕ್ಷರು: ಓಕೆ, ನೋಡೋಣ. ನೀವು ಲಿಸ್ಟ್ ಮಾತ್ರ ರೆಡಿ ಮಾಡ್ಬಿಡಿ, ಬೈ ಟ್ವೆಂಟಿಯತ್.

ಅವಸರದ ಟಿಪ್ಪಣಿ ಹೀಗಿರುತ್ತದೆ: ‘ಐದು ರೈತರ ತಾಕುಗಳಲ್ಲಿ ಪ್ರಯೋಗ ಯಶಸ್ವಿಯಾಗಿದ್ದು, ಈ ಬಾರಿ ಹತ್ತು ಎಕರೆಯಲ್ಲಿ ಪ್ರಯೋಗ ಕೈಗೊಳ್ಳಲು ತೀರ್ಮಾನಿಸಲಾಯಿತು. ಬೀಜವು ಮುಂದಿನ ವಾರ ಬಿಡುಗಡೆಯಾಗಲಿದೆ.’ ಕನ್ನಡ ಶುದ್ಧವಾಗಿದೆ, ವಿಷಯ ತಪ್ಪಾಗಿದೆ.

ಪದಗಳ ತಪ್ಪನ್ನು ಮೊದಲು ಮುಗಿಸಿಬಿಡಬಹುದು. ಕೃಷಿ ವಿಜ್ಞಾನ ಕೇಂದ್ರದ ಬಳಕೆಯಲ್ಲಿ ರೈತರ ಹೊಲದಲ್ಲಿ ತಂತ್ರಜ್ಞಾನವನ್ನು ಪರೀಕ್ಷಿಸುವುದು ಕ್ಷೇತ್ರ ಪ್ರಯೋಗ. ಸಾಬೀತಾದುದನ್ನು ಮಾಡಿ ತೋರಿಸುವುದು ಮುಂಚೂಣಿ ಪ್ರಾತ್ಯಕ್ಷಿಕೆ. ಟ್ರಯಲ್, ಡೆಮೊ ಎರಡನ್ನೂ ‘ಪ್ರಯೋಗ’ ಎಂದು ಬರೆದರೆ, ಪರೀಕ್ಷೆಯ ಹಂತದಿಂದ ಪ್ರಸಾರದ ಹಂತಕ್ಕೆ ಹೋಗಬೇಕೆಂಬ ಸಲಹೆಯೇ ಅಳಿಸಿಹೋಗುತ್ತದೆ.

ಕ್ರಿಯಾಪದದ ತಪ್ಪು ಇದಕ್ಕಿಂತ ಆಳದ್ದು. ‘ಆಗುತ್ತಂತೆ’ ಎಂಬಲ್ಲಿನ ‘ಅಂತೆ’ ತಾನು ಕೇಳಿದ ಮಾತನ್ನು ಮಾತ್ರ ವರದಿ ಮಾಡುತ್ತಿದ್ದೇನೆ ಎಂಬ ಸೂಚನೆ. ವಿಜ್ಞಾನಿ ಹೊಣೆ ಹೊತ್ತಿಲ್ಲ. ‘ಬಿಡುಗಡೆಯಾಗಲಿದೆ’ ಎಂದ ಕೂಡಲೇ ಸುದ್ದಿ ಭರವಸೆಯಾಗುತ್ತದೆ. ಬೀಜ ಬಾರದಿದ್ದರೆ ರೈತರಿಗೆ ಉತ್ತರ ಹೇಳಬೇಕಾದವರು ಅವರೇ. ‘ಕೊಡಬಹುದು’ ಸಾಧ್ಯತೆಯನ್ನು ಹೇಳುತ್ತದೆಯೇ ಹೊರತು ತೀರ್ಮಾನವನ್ನಲ್ಲ. ‘ನೋಡೋಣ’ ಇನ್ನೂ ಜಾರು ನೆಲ: ಏರುದನಿಯಲ್ಲಿ ಅದು ಒಪ್ಪಿಗೆಯತ್ತ ವಾಲಬಹುದು, ಎಳೆದು ಇಳಿಸಿದರೆ ಮೃದುವಾದ ನಿರಾಕರಣೆ. ಲಿಪ್ಯಂತರದಲ್ಲಿ ಎರಡೂ ಒಂದೇ ಅಕ್ಷರ. ಆದ್ದರಿಂದ ಆ ಸ್ಥಾನದ ಸಮಯವನ್ನು ಗುರುತಿಸಿಟ್ಟು ಧ್ವನಿಯನ್ನೇ ಮತ್ತೆ ಕೇಳಬೇಕು. ಆಗಲೂ ತಿಳಿಯದಿದ್ದರೆ ‘ತೀರ್ಮಾನವಾಗಿಲ್ಲ’ ಎಂದು ಬರೆಯುವುದೇ ಸರಿ. ಇದಕ್ಕೆ ವಿರುದ್ಧವಾಗಿ, ‘ಮಾಡ್ಬಿಡಿ’ಯಲ್ಲಿ ‘ಬಿಡು’ ಕೆಲಸವನ್ನು ಪೂರ್ತಿ ಮುಗಿಸಬೇಕೆಂದು ಒತ್ತುತ್ತದೆ. ಈ ತುಣುಕಿನಲ್ಲಿ ಸ್ಪಷ್ಟ ಆದೇಶ ಇದೊಂದೇ. ಅವಸರದ ಟಿಪ್ಪಣಿಯಲ್ಲಿ ಇಲ್ಲದಿರುವುದೂ ಇದೇ!

‘ಆಗು’ ಮತ್ತು ‘ಮಾಡು’ಗಳ ಆಯ್ಕೆಯೂ ಹೀಗೆಯೇ. ಇಂಗ್ಲಿಷ್ ಪದಕ್ಕೆ ‘ಮಾಡು’ ಸೇರಿದರೆ ಕರ್ತೃ ಇರುತ್ತಾನೆ; ‘ಆಗು’ ಸೇರಿದರೆ ಕರ್ತೃ ಮರೆಗೆ ಸರಿಯುತ್ತಾನೆ. ‘ಪ್ಲಾಟ್ ಫೇಲ್ ಆಯ್ತು’ ಎಂದಾಗ ಬೆಳೆ ಒಣಗಿತೋ ಔಷಧಿ ಕೆಲಸ ಮಾಡಲಿಲ್ಲವೋ ತಿಳಿಯದು. ಇಲ್ಲಿ ಒಳ್ಳೆಯ ಕನ್ನಡ ಪದ ಹುಡುಕಿ ಪ್ರಯೋಜನವಿಲ್ಲ, ಆಡಿದವರನ್ನು ಕೇಳಬೇಕು. ನಮ್ಮ ಕಚೇರಿ ಕನ್ನಡದ ‘-ಲಾಯಿತು’ ರೂಪವಂತೂ ಎಲ್ಲ ಕರ್ತೃಗಳನ್ನೂ ಸಮನಾಗಿ ನುಂಗುತ್ತದೆ. ನಡಾವಳಿಗೆ ಅದು ಅನಿವಾರ್ಯವೆಂಬ ನಂಬಿಕೆ ನನಗಿಲ್ಲ.

ಆದ್ದರಿಂದ ಧ್ವನಿಯಿಂದ ನೇರವಾಗಿ ಸಾರಾಂಶಕ್ಕೆ ಹಾರದೆ, ನಡುವೆ ಒಂದು ಹಂತ ಇಟ್ಟುಕೊಳ್ಳುವುದು ಒಳಿತು: ಪ್ರತಿ ವಾಕ್ಯದ ಎದುರು ಯಾರು ಹೇಳಿದರು, ಏನು ಹೇಳಿದರು, ಯಾವ ನಿಲುವಿನಲ್ಲಿ ಹೇಳಿದರು (ಕಂಡದ್ದು, ಕೇಳಿದ್ದು, ಸಾಧ್ಯತೆ, ಆದೇಶ) ಎಂದು ಗುರುತಿಸುವುದು. ಭಾಷೆ ಬದಲಿಸುವುದು ಆನಂತರ. ಹಾಗೆ ಮಾಡಿದರೆ ಟಿಪ್ಪಣಿ ಹೀಗಾಗುತ್ತದೆ:

‘ಕಳೆದ ಮುಂಗಾರಿನಲ್ಲಿ ಐದು ರೈತರಲ್ಲಿ ನಡೆಸಿದ ಕ್ಷೇತ್ರ ಪ್ರಯೋಗದಲ್ಲಿ ಟಿಕ್ಕಾ ರೋಗ ಚೆನ್ನಾಗಿಯೇ ಹತೋಟಿಗೆ ಬಂದಿತೆಂದು ವಿಜ್ಞಾನಿ ತಿಳಿಸಿದರು. ಒಂದು ತಾಕು ವಿಫಲವಾಗಿದೆ (ಕಾರಣ ಕೇಳಬೇಕು). ಈ ಬಾರಿ ಹತ್ತು ಎಕರೆಯಲ್ಲಿ ಪ್ರಾತ್ಯಕ್ಷಿಕೆ ನೀಡಬಹುದೆಂದು ಅಧಿಕಾರಿ ಸೂಚಿಸಿದರು, ತೀರ್ಮಾನವಾಗಿಲ್ಲ. ಬೀಜ ಇನ್ನೂ ಬಿಡುಗಡೆಯಾಗಿಲ್ಲ. ಮುಂದಿನ ವಾರ ಆಗಬಹುದೆಂದು ವಿಜ್ಞಾನಿಗೆ ಕೇಳಿಬಂದಿದೆ. 20ನೇ ತಾರೀಖಿನೊಳಗೆ ಪಟ್ಟಿ ಸಿದ್ಧಪಡಿಸುವಂತೆ ಅಧ್ಯಕ್ಷರು ವಿಜ್ಞಾನಿಗೆ ಹೇಳಿದರು.’

‘ಚೆನ್ನಾಗೇ’ ಎಂಬಲ್ಲಿನ ಏಕಾರವನ್ನು ಉಳಿಸಿದ್ದೇನೆ. ಅದು ಒತ್ತೋ ಅಥವಾ ಮುಂದಿನ ‘ಒಂದು ಪ್ಲಾಟ್ ಮಾತ್ರ’ ಎಂಬುದಕ್ಕೆ ಮಾಡಿಕೊಂಡ ಪೀಠಿಕೆಯೋ ಎಂಬುದನ್ನು ಈ ಕ್ರಮ ಬಿಡಿಸಲಾರದು. ‘ಬೈ ಟ್ವೆಂಟಿಯತ್’ ಎಂಬುದರಲ್ಲಿ 20ನೇ ತಾರೀಖೂ ಸೇರಿದೆಯೇ ಎಂಬ ಪ್ರಶ್ನೆ ‘20ನೇ ತಾರೀಖಿನೊಳಗೆ’ ಎಂದು ಬರೆದ ಮೇಲೂ ಹಾಗೆಯೇ ಉಳಿಯುತ್ತದೆ.