ಕಾಮಾಲೆ ಮದ್ದು, ನೆಲನೆಲ್ಲಿ ಮತ್ತು ಪ್ಲಸೀಬೊ: ಔಷಧ ಪ್ರಯೋಗದ ಸಾರಾಂಶ ಓದುವ ಬಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಕಣ್ಣು ಹಳದಿಯಾಯಿತೆಂದರೆ "ಕಾಮಾಲೆಗೆ ಮದ್ದು ಎಲ್ಲಿ ಕೊಡುತ್ತಾರೆ?" ಎಂಬ ವಿಚಾರಣೆ ಶುರುವಾಗುತ್ತದೆ. ಮಳೆಗಾಲದಲ್ಲಿ ತೋಟದ ಬದಿಯಲ್ಲಿ, ಅಂಗಳದ ಅಂಚಿನಲ್ಲಿ ತಾನಾಗಿ ಹುಟ್ಟುವ ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲೋ ಹಾಲಿನಲ್ಲೋ ಕಲಸಿ ಕುಡಿಸುವುದು ಮನೆಮನೆಗೂ ಗೊತ್ತಿರುವ ಕ್ರಮ. ಜೊತೆಗೆ ಎಣ್ಣೆ, ಖಾರ, ಮೀನು ಬಿಟ್ಟು ಗಂಜಿಯ ಪಥ್ಯ. ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ, ಹಸಿವು ಮರಳುತ್ತದೆ. ಮದ್ದು ಕೊಟ್ಟವರಿಗೂ ಕುಡಿದವರಿಗೂ ಅದರ ಗುಣದ ಬಗ್ಗೆ ಸಂಶಯ ಉಳಿಯುವುದಿಲ್ಲ.

ಆದರೆ ವೈದ್ಯಶಾಸ್ತ್ರ ಇಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ಇದೇ ರೋಗಿ ಮದ್ದು ಕುಡಿಯದೇ ಇದ್ದಿದ್ದರೆ ಏನಾಗುತ್ತಿತ್ತು? ಕಲುಷಿತ ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ ವೈರಸ್ಸಿನಿಂದ ಬಂದ ಕಾಮಾಲೆಯಾದರೆ, ಬಹುಪಾಲು ಜನರಲ್ಲಿ ಅದು ಕೆಲವು ವಾರಗಳಿಂದ ಎರಡು ತಿಂಗಳೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಆ ಅವಧಿಯಲ್ಲಿ ಏನು ಕುಡಿಸಿದರೂ ಗುಣವಾದ ಶ್ರೇಯಸ್ಸು ಅದಕ್ಕೇ ಸಲ್ಲುತ್ತದೆ. ಇನ್ನೂ ಒಂದು ಮಾತಿದೆ. ಜನ ಮದ್ದಿಗೆ ಹೋಗುವುದು ಕಾಯಿಲೆ ಉಲ್ಬಣಿಸಿದ ದಿನ. ಏರಿದ್ದು ಇಳಿಯಲೇಬೇಕಾದ ಹೊತ್ತು ಅದು. ಹಾಗಾಗಿ ನೂರು ಜನ ಕುಡಿದು ನೂರೂ ಜನ ಗುಣವಾದರೂ ಮದ್ದು ಏನು ಮಾಡಿತು ಎಂಬುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ. ಮದ್ದು ಕುಡಿಯದ, ಉಳಿದೆಲ್ಲದರಲ್ಲೂ ಅವರಂತೆಯೇ ಇರುವ ಇನ್ನೊಂದಷ್ಟು ಜನ ಎದುರಿಗೆ ಬೇಕು. ಔಷಧ ಪ್ರಯೋಗದ ವರದಿಗಳಲ್ಲಿ ಕಂಟ್ರೋಲ್ ಗುಂಪು ಎನ್ನುವುದು ಅವರನ್ನೇ. ಕನ್ನಡದಲ್ಲಿ ನಿಯಂತ್ರಣ ಗುಂಪು ಎಂದೂ ಬರೆಯುತ್ತಾರೆ.

ಈ ಗುಂಪಿಗೆ ಏನೂ ಕೊಡದೆ ಬಿಟ್ಟರೆ ಬೇರೊಂದು ತೊಡಕು ಹುಟ್ಟುತ್ತದೆ. ಮದ್ದು ಸಿಕ್ಕಿದೆ ಎಂದು ಗೊತ್ತಿದ್ದವರು ಧೈರ್ಯವಾಗಿರುತ್ತಾರೆ, ಪಥ್ಯ ಚೆನ್ನಾಗಿ ಮಾಡುತ್ತಾರೆ, "ಹೇಗಿದ್ದೀರಿ?" ಎಂದು ಕೇಳಿದರೆ "ಪರವಾಗಿಲ್ಲ" ಎನ್ನುತ್ತಾರೆ. ಸಿಗದವರು ಕುಗ್ಗುತ್ತಾರೆ, ಇಲ್ಲವೇ ಬೇರೆ ಕಡೆ ಹೋಗಿ ಮದ್ದು ತರುತ್ತಾರೆ. ಅದಕ್ಕಾಗಿ ನಿಯಂತ್ರಣ ಗುಂಪಿಗೂ ನೋಡಲು, ನುಂಗಲು, ರುಚಿಗೆ ಒಂದೇ ಥರ ಇರುವ, ಆದರೆ ಔಷಧದ ಅಂಶವಿಲ್ಲದ ಮಾತ್ರೆಯನ್ನೋ ಚುಚ್ಚುಮದ್ದನ್ನೋ ಕೊಡುತ್ತಾರೆ. ಅದೇ ಪ್ಲಸೀಬೊ. ಮಾತ್ರೆಯಾದರೆ ಸಾಮಾನ್ಯವಾಗಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅಥವಾ ಪಿಷ್ಟ ಇರುತ್ತದೆ, ಚುಚ್ಚುಮದ್ದಾದರೆ ಉಪ್ಪುನೀರಿನ ದ್ರಾವಣ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುತ್ತಾರೆ. ಆ ಪಟ್ಟಿ ರೋಗಿಗೂ ಗೊತ್ತಿರುವುದಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿರುವುದಿಲ್ಲ. ಸಾರಾಂಶದಲ್ಲಿ 'ಡಬಲ್ ಬ್ಲೈಂಡ್' ಎಂದಿದ್ದರೆ ಈ ಗುಟ್ಟನ್ನು ಎರಡೂ ಕಡೆ ಕಾಯ್ದುಕೊಂಡಿದ್ದಾರೆ ಎಂದರ್ಥ.

ನಮ್ಮ ನೆಲನೆಲ್ಲಿಯನ್ನೇ ಹೀಗೆ ಪರೀಕ್ಷೆಗೆ ಒಡ್ಡಿದ್ದುಂಟು. ಮದ್ರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ವರದಿ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹೆಪಟೈಟಿಸ್ ಬಿ ವೈರಸ್ಸಿನ ಶೋಧಕ್ಕೆ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಆ ವರದಿಯ ಸಹಲೇಖಕರಲ್ಲಿ ಒಬ್ಬರು. ಈ ತಂಡ ಆಯ್ದುಕೊಂಡದ್ದು ತಾನಾಗಿ ಇಳಿಯುವ ಕಾಮಾಲೆಯವರನ್ನಲ್ಲ, ಹೆಪಟೈಟಿಸ್ ಬಿ ವೈರಸ್ಸನ್ನು ದೀರ್ಘಕಾಲ ಮೈಯಲ್ಲಿ ಹೊತ್ತವರನ್ನು. ಇವರ ರಕ್ತದಲ್ಲಿ ವೈರಸ್ಸಿನ ಹೊರಕವಚದ ಒಂದು ಪ್ರೋಟೀನ್ ಸದಾ ಸಿಗುತ್ತದೆ. ಅದು ತಾನಾಗಿ ಮಾಯವಾಗುವುದು ತೀರ ಅಪರೂಪ. ಅಂದರೆ ಮದ್ದು ನಿಜವಾಗಿ ಕೆಲಸ ಮಾಡಿದರೆ ಅದು ಎದ್ದು ಕಾಣಬೇಕು.

ಪ್ರಯೋಗಕ್ಕೆ 78 ಜನ ಸೇರಿದ್ದರು. ಒಂದು ಗುಂಪಿಗೆ ಬೇರು ಬಿಟ್ಟು ಒಣಗಿಸಿದ ಗಿಡದ ಪುಡಿ 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 30 ದಿನ. ಇನ್ನೊಂದು ಗುಂಪಿಗೆ ಅಷ್ಟೇ ದಿನ ಪ್ಲಸೀಬೊ. ಮದ್ದು ಮುಗಿದು ಎರಡು ಮೂರು ವಾರಕ್ಕೆ ರಕ್ತ ಪರೀಕ್ಷಿಸಿದಾಗ ನೆಲನೆಲ್ಲಿ ಗುಂಪಿನ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ಆ ಪ್ರೋಟೀನ್ ಇರಲಿಲ್ಲ. ಪ್ಲಸೀಬೊ ಗುಂಪಿನ 23 ಜನರಲ್ಲಿ ಒಬ್ಬರದ್ದು ಮಾತ್ರ ಹೋಗಿತ್ತು. ಶೇಕಡ 59 ಒಂದು ಕಡೆ, ಶೇಕಡ 4 ಇನ್ನೊಂದು ಕಡೆ.

ಈ 4 ಎಂಬ ಅಂಕಿಯನ್ನು ಸರಿಯಾಗಿ ಓದಬೇಕು. ಪ್ಲಸೀಬೊ ಮಾತ್ರೆ ಒಬ್ಬರ ವೈರಸ್ಸನ್ನು ಓಡಿಸಿತು ಎಂದು ಅದರ ಅರ್ಥವಲ್ಲ. ಮದ್ದಿಲ್ಲದೆಯೂ ಎಷ್ಟು ಜನರಲ್ಲಿ ಹೀಗಾಗುತ್ತದೆ ಎಂಬ ಮಟ್ಟವನ್ನು ಅದು ತೋರಿಸುತ್ತದೆ. ಪ್ಲಸೀಬೊ ಗುಂಪಿನಲ್ಲಿ ಕಾಣುವ ಸುಧಾರಣೆಯನ್ನೆಲ್ಲ 'ಮನಸ್ಸಿನ ಶಕ್ತಿ' ಎಂದು ಬರೆಯುವ ವಾಡಿಕೆಯೊಂದಿದೆ, ಅದು ತಪ್ಪು. ನೋವು, ವಾಕರಿಕೆ, ನಿದ್ದೆಯಂಥ ಅನುಭವಗಳು ನಂಬಿಕೆಯಿಂದ ಒಂದಿಷ್ಟು ಬದಲಾಗುತ್ತವೆ, ನಿಜ. ಆದರೆ ಆ ಸುಧಾರಣೆಯ ದೊಡ್ಡ ಪಾಲು ಕಾಯಿಲೆಯ ಸಹಜ ಇಳಿತ, ಆರೈಕೆ, ಪರೀಕ್ಷೆಯ ಏರುಪೇರು ಇವುಗಳದ್ದು. ಇವೆಲ್ಲ ಮದ್ದಿನ ಗುಂಪಿನಲ್ಲೂ ಅಷ್ಟೇ ಪ್ರಮಾಣದಲ್ಲಿ ಇರುತ್ತವೆ. ಆದ್ದರಿಂದಲೇ ಮದ್ದಿನ ನಿಜವಾದ ಗಳಿಕೆ 59 ಅಲ್ಲ, 59ರಲ್ಲಿ 4 ಕಳೆದು ಉಳಿದದ್ದು.

ಇಷ್ಟರಲ್ಲೇ ನಿಲ್ಲಿಸಿದ್ದರೆ ನೆಲನೆಲ್ಲಿ ಗೆದ್ದಿತು ಎನ್ನಬಹುದಿತ್ತು. ಆದರೆ ತಲೆ ಎಣಿಸಿ ನೋಡಿ. ಸೇರಿದವರು 78, ಲೆಕ್ಕದಲ್ಲಿ ಇರುವವರು 37 ಮತ್ತು 23 ಸೇರಿ 60. ಉಳಿದ 18 ಮಂದಿಯ ಫಲಿತಾಂಶ ಲೆಕ್ಕಕ್ಕೆ ಬಂದಿಲ್ಲ. ಹಂಚಿಕೆ ಸರಿಸುಮಾರು ಸಮವಾಗಿತ್ತು ಎಂದಿಟ್ಟುಕೊಂಡು 39-39 ಎಂದು ತೆಗೆದುಕೊಂಡರೆ, ಮದ್ದಿನ ಗುಂಪಿನಲ್ಲಿ ತಪ್ಪಿಹೋದವರು ಇಬ್ಬರು, ಪ್ಲಸೀಬೊ ಗುಂಪಿನಲ್ಲಿ 16. ಕೆಟ್ಟದ್ದನ್ನೇ ಊಹಿಸೋಣ: ಆ 16 ಮಂದಿಯೂ ಗುಣವಾಗಿದ್ದರು, ಇತ್ತ ಇಬ್ಬರೂ ಆಗಿರಲಿಲ್ಲ. ಆಗ ಲೆಕ್ಕ 39ರಲ್ಲಿ 22 ಮತ್ತು 39ರಲ್ಲಿ 17. ಅಷ್ಟು ದೊಡ್ಡ ಅಂತರ ಎಷ್ಟು ಕಿರಿದಾಯಿತು ನೋಡಿ! ಈ ಊಹೆ ನಿಜವಾಗುವ ಸಂಭವ ಬಹಳ ಕಡಿಮೆ. ಆದರೂ ಒಂದು ಕಡೆಯಿಂದ ಮಾತ್ರ ಹೆಚ್ಚು ಜನ ಬಿಟ್ಟುಹೋದರೆ ಹೋಲಿಕೆಯ ಬಲ ಕುಗ್ಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಚೀಟಿ ಎತ್ತಿ ಸಮ ಮಾಡಿದ ಗುಂಪುಗಳು ಕೊನೆಯಲ್ಲಿ ಸಮವಾಗಿ ಉಳಿದಿರುವುದಿಲ್ಲ.

ಇಂಥ ಸಂಶಯಕ್ಕೆ ಪರಿಹಾರವೆಂದರೆ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡುವುದು. ಥಾಯ್ಲೆಂಡಿನ ವೈದ್ಯರು ಅಲ್ಲಿನ ವೈರಸ್ ವಾಹಕರಲ್ಲಿ ಇದೇ ಜಾತಿಯ ಗಿಡವನ್ನು ಪರೀಕ್ಷಿಸಿ 1990ರಲ್ಲಿ ವರದಿ ಪ್ರಕಟಿಸಿದರು. ಮದ್ರಾಸಿನ ಫಲಿತಾಂಶ ಅಲ್ಲಿ ಸಿಗಲಿಲ್ಲ. ಗಿಡ ಬೆಳೆದ ಮಣ್ಣು, ಕಿತ್ತ ಕಾಲ, ಒಣಗಿಸಿದ ಬಗೆ ಬೇರೆಯಿದ್ದಿರಬಹುದು ಎಂಬ ವಾದಗಳು ಬಂದವು. ಆದರೂ ಹೆಪಟೈಟಿಸ್ ಬಿ ರೋಗಕ್ಕೆ ಇಂದು ವೈದ್ಯರು ಬರೆಯುವ ಮಾತ್ರೆಗಳ ಪಟ್ಟಿಯಲ್ಲಿ ನೆಲನೆಲ್ಲಿ ಇಲ್ಲ. ಪ್ಲಸೀಬೊ ಗುಂಪು ಇದ್ದುದರಿಂದಲೇ ಈ ಚರ್ಚೆ ಸಾಧ್ಯವಾಯಿತು. ಅದಿಲ್ಲದಿದ್ದರೆ "ನಮ್ಮಲ್ಲಿ ಗುಣವಾಯಿತು", "ನಮ್ಮಲ್ಲಿ ಆಗಲಿಲ್ಲ" ಎಂಬ ಎರಡು ಮಾತು ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ.

ಗುಣ ಅಳೆಯಲು ಬೇಕಾದ ಗುಂಪು ಅಡ್ಡಪರಿಣಾಮ ಅಳೆಯಲೂ ಬೇಕು. ಕೋವಿಡ್ ಕಾಲದ ಕೋವ್ಯಾಕ್ಸಿನ್ ಲಸಿಕೆಯ ಮೂರನೇ ಹಂತದ ಪ್ರಯೋಗದಲ್ಲಿ ಸುಮಾರು 25,800 ಜನರಿದ್ದರು, ಅರ್ಧದಷ್ಟು ಮಂದಿಗೆ ಲಸಿಕೆ, ಉಳಿದವರಿಗೆ ಪ್ಲಸೀಬೊ. ಲಸಿಕೆ ಪಡೆದವರಲ್ಲಿ ಶೇಕಡ 12.4 ಮಂದಿ ನೋವು, ಜ್ವರ, ತಲೆನೋವಿನಂಥ ಏನಾದರೊಂದು ತೊಂದರೆ ಹೇಳಿಕೊಂಡರು. ಈ ಅಂಕಿಯೊಂದನ್ನೇ ಹಿಡಿದರೆ ಎಂಟರಲ್ಲಿ ಒಬ್ಬರಿಗೆ ಲಸಿಕೆಯಿಂದ ತೊಂದರೆಯಾಯಿತು ಎಂದು ಯಾರಾದರೂ ಬರೆದಾರು. ಆದರೆ ಪ್ಲಸೀಬೊ ಪಡೆದವರಲ್ಲೂ ಶೇಕಡ 12.4 ಮಂದಿ ತೊಂದರೆ ಹೇಳಿದ್ದರು. ಸೂಜಿ ಚುಚ್ಚಿದ ನೋವು, ಆ ವಾರ ಹೇಗೂ ಬರಲಿದ್ದ ಶೀತ, ಮನಸ್ಸಿನ ಆತಂಕ ಎರಡೂ ಕಡೆ ಒಂದೇ. ಇಲ್ಲಿ ಒಂದು ವಿವರ ಗಮನಿಸಬೇಕು: ಆ ಪ್ಲಸೀಬೊದಲ್ಲಿ ಲಸಿಕೆಯಲ್ಲಿರುವ ಅಲ್ಯೂಮಿನಿಯಂ ಲವಣವೂ ಇತ್ತು. ಆ ಲವಣದಿಂದಲೇ ತೋಳು ನೋಯುವುದಾದರೆ ಅದು ಈ ಹೋಲಿಕೆಯಲ್ಲಿ ಕಾಣುವುದಿಲ್ಲ. ಪ್ಲಸೀಬೊ ಎಂದರೆ ಬರೀ ನೀರು ಎಂದುಕೊಳ್ಳದೆ ಅದರಲ್ಲಿ ಏನಿತ್ತು ಎಂದು ನೋಡಬೇಕಾದದ್ದು ಇದಕ್ಕೆ.

"ರೋಗಿಗೆ ಸುಳ್ಳು ಮಾತ್ರೆ ಕೊಡುವುದು ಮೋಸವಲ್ಲವೇ?" ಎಂದು ಕೇಳುವವರಿದ್ದಾರೆ. ನಿಮಗೆ ಮದ್ದು ಸಿಗಬಹುದು, ಪ್ಲಸೀಬೊವೂ ಸಿಗಬಹುದು ಎಂದು ಮೊದಲೇ ತಿಳಿಸಿ, ಒಪ್ಪಿಗೆಯ ಸಹಿ ಪಡೆದೇ ಪ್ರಯೋಗಕ್ಕೆ ಸೇರಿಸಬೇಕೆಂಬ ನಿಯಮವಿದೆ. ಯಾವಾಗ ಬೇಕಾದರೂ ಬಿಟ್ಟುಹೋಗುವ ಹಕ್ಕೂ ಇದೆ. ಕ್ಷಯದಂತೆ ಖಚಿತ ಔಷಧವಿರುವ ಕಾಯಿಲೆಯಲ್ಲಿ ರೋಗಿಯನ್ನು ಪ್ಲಸೀಬೊದ ಮೇಲೆ ಬಿಡುವಂತಿಲ್ಲ. ಅಲ್ಲಿ ನಿಯಂತ್ರಣ ಗುಂಪಿಗೆ ಈಗಿರುವ ಔಷಧವನ್ನೇ ಕೊಟ್ಟು ಹೊಸದನ್ನು ಅದರ ಜೊತೆ ಹೋಲಿಸುತ್ತಾರೆ. ಅಂಥ ಸಾರಾಂಶದಲ್ಲಿ ಪ್ಲಸೀಬೊ ಎಂಬ ಪದ ಕಾಣದಿದ್ದರೆ ಅದು ದೋಷವಲ್ಲ.

ಭಾರತದಲ್ಲಿ ನಡೆಯುವ ಪ್ರಯೋಗಗಳ ವಿವರ ctri.nic.in ತಾಣದಲ್ಲಿ ಯಾರಿಗೂ ತೆರೆದಿದೆ. ಆಯುರ್ವೇದ, ಪ್ರಕೃತಿ ಚಿಕಿತ್ಸೆಯ ಪ್ರಯೋಗಗಳೂ ಅಲ್ಲಿ ಸಿಗುತ್ತವೆ. ಪುಟದಲ್ಲಿ "Comparator Agent" ಎಂಬಲ್ಲಿ ಎದುರು ಗುಂಪಿಗೆ ಏನು ಕೊಟ್ಟರು ಎಂದಿರುತ್ತದೆ. "Blinding/Masking" ಎಂಬಲ್ಲಿ ಗುಟ್ಟು ಯಾರ್‍ಯಾರಿಗೆ ಗೊತ್ತಿರಲಿಲ್ಲ ಎಂಬುದು ತಿಳಿಯುತ್ತದೆ. ಹೋಲಿಕೆಯ ಗುಂಪೇ ಇಲ್ಲದ ಪ್ರಯೋಗವಾದರೆ "ಶೇಕಡ 90 ಮಂದಿಗೆ ಗುಣ" ಎಂಬ ಜಾಹೀರಾತಿನ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಕೊನೆಯದಾಗಿ ಒಂದು ಮನವಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಣ್ಣು ಹಳದಿಯಾಗಲು ಇಲಿ ಜ್ವರವೂ ಕಾರಣವಾಗುತ್ತದೆ, ಪಿತ್ತಕೋಶದ ಕಲ್ಲೂ ಆಗಬಹುದು. ಇಲಿ ಜ್ವರಕ್ಕೆ ಆಂಟಿಬಯಾಟಿಕ್ ಇದೆ, ತಡವಾದರೆ ಮೂತ್ರಪಿಂಡ ಕೈಕೊಡುತ್ತದೆ, ಜೀವವೇ ಹೋಗಬಹುದು. ತಾನಾಗಿ ಇಳಿಯುವ ಕಾಮಾಲೆ ಯಾವುದು, ಇಳಿಯದ್ದು ಯಾವುದು ಎಂದು ಕಣ್ಣಿನ ಬಣ್ಣ ನೋಡಿ ಹೇಳಲು ಯಾರಿಂದಲೂ ಆಗದು. ಮನೆಮದ್ದಿಗೆ ಹೋಗುವ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.