ದರ ಹಾಗೇ ಇರಲಿ, ಕೆಲಸ ಕಡಿಮೆ ಮಾಡೋಣ

ಮದುವೆಯ ಫೋಟೊ, ವಿಡಿಯೊ ಕೆಲಸ ಒಪ್ಪಿಕೊಂಡವರಿಗೆ ಈ ಫೋನ್ ಹೊಸದಲ್ಲ. ದರ ಮಾತಾಗಿ ವಾರ ಕಳೆದಿರುತ್ತದೆ. ಅಷ್ಟರಲ್ಲಿ ಹುಡುಗಿಯ ತಂದೆ ಕರೆ ಮಾಡುತ್ತಾರೆ. "ಛತ್ರದ ಖರ್ಚು ಜಾಸ್ತಿ ಆಗೋಯ್ತು ಸರ್. ಒಂದು ಲಕ್ಷದ ಮೂವತ್ತು ಸಾವಿರಕ್ಕಿಂತ ಹೆಚ್ಚು ನಮ್ಮ ಕೈಲಿ ಆಗಲ್ಲ. ಅಷ್ಟರಲ್ಲೇ ಎಲ್ಲಾ ಮಾಡಿಕೊಡಿ." ಮೊದಲು ಒಪ್ಪಿದ್ದು 1,80,000 ರೂಪಾಯಿಗೆ ಎಂದುಕೊಳ್ಳೋಣ.

ದಿನಾಂಕ ಕೈತಪ್ಪೀತು ಎಂಬ ಭಯದಿಂದ ಬಹಳ ಮಂದಿ "ಆಯ್ತು ಸರ್" ಅಂದುಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಅದೇ ಕೆಲಸ 50,000 ಕಡಿಮೆಗೆ ಆಗುವುದಾದರೆ ಮೊದಲ ದರ ಸುಳ್ಳಾಗಿತ್ತು ಎಂದು ಗ್ರಾಹಕರಿಗೆ ಅನ್ನಿಸುತ್ತದೆ. ಅವರ ಷಡ್ಡಕರ ಮನೆಯ ಮದುವೆಗೂ ಅದೇ ದರ ಕೇಳುತ್ತಾರೆ. ಬಿಟ್ಟ ಹಣವನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕಲ್ಲ? ಆಗ ಅನುಭವಿ ಕ್ಯಾಮೆರಾದವರ ಜಾಗಕ್ಕೆ ಕಲಿಯುತ್ತಿರುವ ಹುಡುಗ ಬರುತ್ತಾನೆ, ಆಲ್ಬಂ ಹಾಳೆ ತೆಳುವಾಗುತ್ತದೆ. ಕೆಲಸ ಹೇಗಿದ್ದರೂ ಕಡಿಮೆಯಾಯಿತು, ಆದರೆ ಗ್ರಾಹಕರಿಗೆ ತಿಳಿಸದೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಇದಕ್ಕಿಂತ ನೇರವಾದ ಉತ್ತರವೊಂದಿದೆ. "ಆಗಲಿ ಸರ್, ನಿಮ್ಮ ಬಜೆಟ್‌ನಲ್ಲಿ ಏನೇನು ಮಾಡಬಹುದು ಅಂತ ಬರೆದು ಸಂಜೆ ಕಳಿಸ್ತೀನಿ. ಯಾವುದು ಬೇಕೇ ಬೇಕು ಅಂತ ಮನೇಲಿ ಎಲ್ಲರನ್ನೂ ಕೇಳಿಡಿ." ಈ ಮಾತಿನಲ್ಲಿ ಹಟವೂ ಇಲ್ಲ, ಸೋಲೂ ಇಲ್ಲ.

ಆಮೇಲೆ ದರವನ್ನು ಬಿಡಿಸಿ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಕ್ಯಾಂಡಿಡ್ ಫೋಟೊಗೆ 40,000, ಸಾಂಪ್ರದಾಯಿಕ ಫೋಟೊಗೆ 16,000, ಸಿನಿಮಾ ಮಾದರಿಯ ವಿಡಿಯೊಗೆ 36,000, ಮಾಮೂಲಿ ವಿಡಿಯೊಗೆ 16,000, ಡ್ರೋನ್‌ಗೆ 10,000, ಎಡಿಟಿಂಗ್‌ಗೆ 22,000, ಎರಡು ಆಲ್ಬಂಗೆ 30,000, ಪ್ರಯಾಣ ಮತ್ತು ವಸತಿಗೆ 10,000.

ಡ್ರೋನ್ ತೆಗೆದರೆ ಪೂರ್ತಿ 10,000 ಉಳಿಯುತ್ತದೆ. ಎರಡನೇ ಆಲ್ಬಂ ಬಿಟ್ಟರೆ 15,000. ಫೋಟೊಗಳೆಲ್ಲ ಹೇಗೂ ಮನೆಯವರ ಕೈಗೆ ಸಿಗುವುದರಿಂದ ಅದನ್ನು ಮುಂದೆ ಯಾವಾಗ ಬೇಕಾದರೂ ಮಾಡಿಸಿಕೊಳ್ಳಬಹುದು. ಸಿನಿಮಾ ಮಾದರಿಯ ವಿಡಿಯೊವನ್ನು ಮುಹೂರ್ತಕ್ಕೆ ಮಾತ್ರ ಇಟ್ಟುಕೊಂಡರೆ ಅರ್ಧ ಹಣ ಉಳಿಯಬೇಕಿತ್ತು ಎಂದು ಗ್ರಾಹಕರು ಲೆಕ್ಕ ಹಾಕುತ್ತಾರೆ. ಆದರೆ ಮುಹೂರ್ತ ಬೆಳಗಿನ ಜಾವದಲ್ಲೇ ಇದ್ದರೆ ಆತ ಹಿಂದಿನ ರಾತ್ರಿಯೇ ಊರಿಗೆ ಬಂದಿರಬೇಕು, ಆ ಸಂಜೆ ಬೇರೆ ಕೆಲಸ ಹಿಡಿಯಲಾರ. ಹಾಗಾಗಿ ಇಳಿಯುವುದು 18,000 ಅಲ್ಲ, 15,000. ಎಡಿಟಿಂಗ್‌ನಲ್ಲಿ ಇನ್ನೊಂದು 10,000 ತಗ್ಗುತ್ತದೆ. ಪ್ರಯಾಣದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದು, ಏಕೆಂದರೆ ಗಾಡಿ ಹೊರಡಲೇಬೇಕು. ಎಲ್ಲ ಕೂಡಿ 50,000 ಇಳಿಯಿತು. ಆರತಕ್ಷತೆ ಮಾಮೂಲಿ ವಿಡಿಯೊದಲ್ಲಂತೂ ಉಳಿಯುತ್ತದೆ.

ಮುಟ್ಟಬಾರದ ಭಾಗವೂ ಇದೆ. ಮಾಂಗಲ್ಯಧಾರಣೆ ಒಂದೇ ಸಲ ನಡೆಯುತ್ತದೆ. ಆ ಗಳಿಗೆಯಲ್ಲಿ ಸುತ್ತ ನಿಂತ ನೆಂಟರು ಒಬ್ಬ ಫೋಟೊಗ್ರಾಫರಿಗೆ ಅಡ್ಡವಾದರೂ ಇನ್ನೊಬ್ಬರಿಗೆ ಕಾಣುತ್ತದೆ. ಇಬ್ಬರು ಬೇಕಾಗುವುದು ಅದಕ್ಕೇ. ಚಿತ್ರಗಳನ್ನು ಎರಡು ಕಡೆ ಉಳಿಸಿಡುವ ಖರ್ಚೂ ಹಾಗೆಯೇ. ಇವನ್ನೂ ಕತ್ತರಿಸಿದರೆ ಮಾತ್ರ ಬಜೆಟ್ ಹೊಂದುತ್ತದೆ ಎನ್ನುವಂತಿದ್ದರೆ ಕೆಲಸ ಬಿಡುವುದೇ ಸರಿ.

ಹೀಗೆ ಬರೆದು ಕಳಿಸಿದ ಮೇಲೆ ನಿಜಸ್ಥಿತಿ ಗೊತ್ತಾಗುತ್ತದೆ. ಬರೀ ಚೌಕಾಸಿ ಮಾಡುತ್ತಿದ್ದವರು "ಡ್ರೋನ್ ಇರಲಿ ಬಿಡಿ, ಹೇಗೋ ಹೊಂದಿಸ್ತೀವಿ" ಎನ್ನುತ್ತಾರೆ. ನಿಜವಾಗಿಯೂ ಕೈ ಬಿಗಿಯಾಗಿರುವವರು ಪಟ್ಟಿಯ ಮೇಲೆ ಬೆರಳಿಟ್ಟು ಆರಿಸುತ್ತಾರೆ. ಆ ಆಯ್ಕೆ ನಮ್ಮ ಊಹೆಯಂತೆ ಇರಬೇಕಿಲ್ಲ. ವಿಡಿಯೊ ಬೇಡ, ಹುಡುಗನ ಅಜ್ಜಿಗೂ ಒಂದು ಆಲ್ಬಂ ಬೇಕು ಎನ್ನುವ ಮನೆಗಳಿವೆ. ಆದ್ದರಿಂದ ಏನು ಬಿಡಬೇಕು ಎಂಬ ತೀರ್ಮಾನ ಅವರದ್ದೇ ಆಗಿರಬೇಕು.

ಕೆಡುವುದು ಸಾಮಾನ್ಯವಾಗಿ ಕೊನೆಯಲ್ಲಿ. ಮದುವೆ ಸಂಭ್ರಮದಲ್ಲಿ "ಆರತಕ್ಷತೆದೂ ಒಂದು ಚಿಕ್ಕ ಸಿನಿಮಾ ಮಾಡಿಬಿಡಿ" ಎಂಬ ಮಾತು ಬರುತ್ತದೆ. ಬಿಟ್ಟದ್ದೆಲ್ಲ ಹೀಗೆ ಒಂದೊಂದಾಗಿ ಒಳಗೆ ಬಂದರೆ ಕೊನೆಗೆ ದರ ಇಳಿಸಿದಂತೆಯೇ ಆಯಿತು. ಅದಕ್ಕೇ ಹೊಸ ಪಟ್ಟಿಯಲ್ಲಿ ಏನೇನು ಇದೆ ಎಂಬುದರ ಕೆಳಗೆ ಏನೇನು ಇಲ್ಲ, ಆಮೇಲೆ ಸೇರಿಸಿದರೆ ಎಷ್ಟು ಎಂದೂ ಬರೆದು, ವಾಟ್ಸ್ಆ್ಯಪ್‌ನಲ್ಲಾದರೂ "ಒಪ್ಪಿಗೆ" ಎಂಬ ಉತ್ತರ ತರಿಸಿಕೊಳ್ಳಬೇಕು.

ದರವನ್ನೇ ಇಳಿಸಲು ನ್ಯಾಯವಾದ ಕಾರಣಗಳೂ ಇರುತ್ತವೆ. ಮದುವೆಗಳೇ ಇಲ್ಲದ ಆಷಾಢದಲ್ಲಿ ಯಾರಾದರೂ ಸಣ್ಣ ಸಮಾರಂಭಕ್ಕೆ ಕರೆದರೆ, ಅಥವಾ ಪೂರ್ತಿ ಹಣ ಮುಂಗಡವಾಗಿ ಕೊಟ್ಟರೆ ಒಂದಿಷ್ಟು ಬಿಡಬಹುದು. ಅಲ್ಲಿ ಗ್ರಾಹಕರೂ ನಮಗೆ ಏನನ್ನೋ ಕೊಡುತ್ತಿದ್ದಾರೆ.

ಮದುವೆ ಗೊತ್ತಾಗಿರುವ ಮನೆಯವರಲ್ಲಿ ಒಂದು ವಿನಂತಿ. ಹಣ ಸಾಲದಾದಾಗ "ಕಡಿಮೆ ಮಾಡಿ" ಎನ್ನುವ ಬದಲು "ಏನನ್ನು ಬಿಟ್ಟರೆ ಎಷ್ಟು ಉಳಿಯುತ್ತದೆ?" ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.